ಅಜೈಡ್ ಸ್ಯಾಂಪಲ್‌ಗೆ 80 ಡಿಗ್ರಿ ಕೇಳಿದ ಮೇಲ್

ಕಾಂಪೌಂಡಿನ ರಚನೆ ತಿಳಿಯೋಕೆ ಬಳಸೋ ಎನ್‌ಎಂಆರ್ ಮಷೀನ್‌ಗಳಿರೋ ನಮ್ಮ ಫೆಸಿಲಿಟಿಗೆ ಹೊರಗಿನ ಕಾಲೇಜುಗಳಿಂದ ಬರೋ ರಿಕ್ವೆಸ್ಟ್ ಮೇಲ್‌ಗಳು ಬಹಳಷ್ಟು ಎರಡು ಸಾಲಲ್ಲಿ ಮುಗಿದು ಹೋಗಿರತ್ತೆ. ಪ್ರೋಟಾನ್ ಬೇಕು, ಕಾರ್ಬನ್ ಬೇಕು, ಸಾಲ್ವೆಂಟ್ CDCl3, ಸ್ಯಾಂಪಲ್ ನಾನ್-ಹಜಾರ್ಡಸ್, ಥ್ಯಾಂಕ್ಯೂ ಮೇಡಂ. ಆ ನಾನ್-ಹಜಾರ್ಡಸ್ ಅನ್ನೋ ಪದ ನೋಡಿದಾಗೆಲ್ಲ ನಂಗೆ ಸಂಕಟ ಆಗತ್ತೆ, ಯಾಕಂದ್ರೆ ಅವರು ಸ್ಯಾಂಪಲ್ ಬಗ್ಗೆ ಯೋಚನೆ ಮಾಡಿ ಹಾಗೆ ಬರೆದಿದಾರೋ ಅಥವಾ ಫಾರ್ಮಲ್ಲಿ ಆ ಜಾಗ ಖಾಲಿ ಬಿಡಬಾರದು ಅಂತ ಬರೆದಿದಾರೋ ಅಂತ ಗೊತ್ತು ಮಾಡ್ಕೊಳ್ಳೋಕೆ ದಾರಿನೇ ಇರಲ್ಲ. ಈಚೆಗೆ ದಕ್ಷಿಣ ಬೆಂಗಳೂರಿನ ಒಂದು ಕಾಲೇಜಿಂದ ಒಬ್ಬ ಪಿಎಚ್‌ಡಿ ಹುಡುಗಿ ಕಳಿಸಿದ ಮೇಲ್ ಹಾಗಿರಲಿಲ್ಲ. ಅವರ ಒಪ್ಪಿಗೆ ತಗೊಂಡು, ಹೆಸರು ಊರು ಬಿಟ್ಟು, ಅದನ್ನ ಇಲ್ಲಿ ಹಾಕ್ತಿದೀನಿ. ಮೂಲ ಇಂಗ್ಲಿಷಲ್ಲಿತ್ತು, ನಾನು ನಮ್ಮ ಮಾತಿಗೆ ತಂದಿದೀನಿ ಅಷ್ಟೇ.

> ಮೇಡಂ, ನಮಸ್ಕಾರ. 400 ಮೆಗಾಹರ್ಟ್ಸ್ ಮಷೀನಲ್ಲಿ ಸುಮಾರು ಮೂರು ಗಂಟೆ ಟೈಮ್ ಬೇಕಿತ್ತು.
>
> ಕಾಂಪೌಂಡ್ ಬಾಕ್-4-ಅಜೈಡೋಪ್ರೋಲಿನ್ ಮೀಥೈಲ್ ಎಸ್ಟರ್, C11H18N4O4, ಮಾಲಿಕ್ಯುಲರ್ ವೇಟ್ 270. 15 ಮಿಲಿಗ್ರಾಂ, 0.6 ಎಂಎಲ್ ಡ್ಯೂಟೆರೇಟೆಡ್ ಡಿಎಂಎಸ್‌ಒದಲ್ಲಿ, 5 ಎಂಎಂ ಟ್ಯೂಬಲ್ಲಿ. ಪ್ರೋಟಾನ್ ಸ್ಪೆಕ್ಟ್ರಮಲ್ಲಿ ಎಲ್ಲ ಪೀಕೂ ಎರಡೆರಡು ಬರ್ತಿದೆ, ಅಂದಾಜು 60:40. ಇದು ರೋಟಾಮರಾ ಅಥವಾ ರಿಯಾಕ್ಷನ್ ಟೈಮಲ್ಲಿ ಎಪಿಮರೈಸ್ ಆಗಿದೆಯಾ ಅಂತ ತಿಳೀಬೇಕು. ಅದಕ್ಕೆ ಮಾಮೂಲಿ ಟೆಂಪರೇಚರಿಂದ 353 ಕೆಲ್ವಿನ್‌ವರೆಗೆ, ಅಂದ್ರೆ 80 ಡಿಗ್ರಿವರೆಗೆ, ಹಂತ ಹಂತವಾಗಿ ಪ್ರೋಟಾನ್ ತೆಗೀಬೇಕು.
>
> ಅಪಾಯ: ಇದು ಆರ್ಗ್ಯಾನಿಕ್ ಅಜೈಡ್. ಕಾರ್ಬನ್ ಮತ್ತೆ ಆಕ್ಸಿಜನ್ ಸೇರಿಸಿ 15, ನೈಟ್ರೋಜನ್ 4, ಅನುಪಾತ 3.75. ಡಿಎಸ್‌ಸಿಯಲ್ಲಿ ಎಕ್ಸೋಥರ್ಮ್ ಶುರು ಆಗೋದು 160 ಡಿಗ್ರಿ ಹತ್ತಿರ. ಹೊಡೆತಕ್ಕೆ, ಉಜ್ಜಿದ್ರೆ ಏನಾಗತ್ತೆ ಅಂತ ಟೆಸ್ಟ್ ಮಾಡಿಲ್ಲ. ಸೋಡಿಯಂ ಅಜೈಡ್ ಹಾಕಿ ಡಿಎಂಎಫಲ್ಲಿ ಮಾಡಿದ್ದು. ನೀರಲ್ಲಿ ಹಲವು ಸಲ ತೊಳೆದಿದೀನಿ, ಕೊನೇ ಸಲ ತೊಳೆದ ನೀರಿಗೆ ಫೆರಿಕ್ ಕ್ಲೋರೈಡ್ ಹಾಕಿದಾಗ ಕೆಂಪು ಬರಲಿಲ್ಲ. ಸ್ವಲ್ಪ ಡಿಎಂಎಫ್ ಉಳಿದಿದೆ. ಆಸಿಡ್ ಇಲ್ಲ, ಮೆಟಲ್ ಇಲ್ಲ. ಡಿಎಂಎಸ್‌ಒ ಚರ್ಮದ ಮೂಲಕ ಒಳಗೆ ಎಳ್ಕೊಂಡು ಹೋಗತ್ತೆ, ಹಾಗಾಗಿ ಟ್ಯೂಬ್ ನಾನೇ ಮುಟ್ತೀನಿ, ಗ್ಲೌಸ್ ತರ್ತೀನಿ. ಟ್ಯೂಬ್ ಒಡೆದ್ರೆ ಅಂತ ಒಂದು ಪುಟ ಲಗತ್ತಿಸಿದೀನಿ. ಸ್ಯಾಂಪಲ್ ಡಿಪಾರ್ಟ್‌ಮೆಂಟ್ ಗಾಡಿಯಲ್ಲಿ ತರ್ತೀನಿ, ಮುಗಿದ ಮೇಲೆ ವಾಪಸ್ ತಗೊಂಡು ಹೋಗ್ತೀನಿ.
>
> ನಮ್ಮ ಗೈಡ್‌ಗೆ ಗೊತ್ತಿದೆ, ಅವರಿಗೂ ಈ ಮೇಲ್ ಹೋಗಿದೆ.

ಅಜೈಡ್ ಅಂದ್ರೆ ಮೂರು ನೈಟ್ರೋಜನ್ ಸಾಲಾಗಿ ಇರೋ ಗುಂಪು, ಬಿಸಿಗೆ ನೈಟ್ರೋಜನ್ ಬಿಟ್ಟು ಸಿಡಿಯಬಹುದು. ಹಾಗಾಗಿ ಇದನ್ನ ಓದಿ ನಾನು ಮಾಡಿದ ಮೊದಲ ಕೆಲಸ ಸ್ಲಾಟ್ ಕೊಡೋದಲ್ಲ, 160ರಿಂದ 80 ಕಳೆಯೋದು. ಬರೀ 80 ಡಿಗ್ರಿ ಅಂತರ. ಬಿಸಿ ಮಾಡೋ ಟೆಂಪರೇಚರ್‌ಗೂ ಡಿಎಸ್‌ಸಿಯಲ್ಲಿ ಕಾಂಪೌಂಡ್ ಶಾಖ ಬಿಡೋಕೆ ಶುರು ಮಾಡೋ ಟೆಂಪರೇಚರ್‌ಗೂ ನೂರು ಡಿಗ್ರಿನಾದ್ರೂ ದೂರ ಇರ್ಲಿ ಅನ್ನೋದು ಪ್ರೋಸೆಸ್ ಕೆಮಿಸ್ಟ್‌ಗಳಲ್ಲಿ ಹಳೇ ರೂಢಿ. ಇದು ಒರಟು ಲೆಕ್ಕ, ಎಲ್ಲ ಕಾಂಪೌಂಡಿಗೂ ಇಷ್ಟೇ ಸಾಕು ಅಂತ ಯಾರೂ ಗ್ಯಾರಂಟಿ ಕೊಡಲ್ಲ, ಇನ್ನೊಂದು ಕಡೆ 15 ಮಿಲಿಗ್ರಾಂ ಸಾಲ್ವೆಂಟಲ್ಲಿ ಕರಗಿರೋವಾಗ ಫ್ಲಾಸ್ಕ್ ತುಂಬ ಇರೋ ಕಾಂಪೌಂಡಿನಷ್ಟು ಭಯಾನೂ ಬೇಕಾಗಿಲ್ಲ. ಆದ್ರೂ ಲೆಕ್ಕ ಹಾಕೋಕೆ ಒಂದು ನಂಬರ್ ನನ್ನ ಕೈಲಿತ್ತು. 3.75 ಕೂಡ ಅಂಥದ್ದೇ ಒಂದು ನಂಬರ್. ಅಜೈಡ್‌ಗಳಲ್ಲಿ ಕಾರ್ಬನ್ ಆಕ್ಸಿಜನ್ ಸಂಖ್ಯೆಯನ್ನ ನೈಟ್ರೋಜನ್ ಸಂಖ್ಯೆಯಿಂದ ಭಾಗಿಸಿದ್ರೆ ಮೂರಕ್ಕಿಂತ ಕಮ್ಮಿ ಬರಬಾರದು ಅಂತ ಲ್ಯಾಬ್‌ಗಳಲ್ಲಿ ನೋಡ್ತಾರೆ, ಅದಕ್ಕಿಂತ ಕಮ್ಮಿ ಬಂದ್ರೆ ಅದನ್ನ ಒಣಗಿಸಿ ಬಾಟಲಲ್ಲಿ ಇಡೋ ಯೋಚನೆನೇ ಬೇಡ. ಇವರದ್ದು ಮೂರು ದಾಟಿದೆ. ಅಂದ್ರೆ ಕೋಣೆ ಟೆಂಪರೇಚರಲ್ಲಿ, ದ್ರಾವಣದಲ್ಲಿ, ಇದನ್ನ ಪ್ರೋಬ್ ಒಳಗೆ ಇಳಿಸೋಕೆ ನಂಗೆ ಹೆದರಿಕೆ ಇಲ್ಲ. ಪ್ರಶ್ನೆ ಇರೋದು ಬಿಸಿ ಬಗ್ಗೆ ಮಾತ್ರ.

ಟ್ಯೂಬಲ್ಲಿರೋ ಅಜೈಡ್ ಪೂರ್ತಿ ಒಡೆದು ನೈಟ್ರೋಜನ್ ಬಿಟ್ರೆ ಏನಾಗತ್ತೆ ಅಂತಾನೂ ನೋಡಿದೆ. 15 ಮಿಲಿಗ್ರಾಂ ಅಂದ್ರೆ 0.055 ಮಿಲಿಮೋಲ್, ಅದರಿಂದ ಬರೋ ಗ್ಯಾಸ್ ಸುಮಾರು 1.3 ಎಂಎಲ್. ಏಳು ಇಂಚಿನ ಟ್ಯೂಬಲ್ಲಿ ದ್ರಾವಣದ ಮೇಲೆ ಖಾಲಿ ಇರೋ ಜಾಗ ಎರಡು ಎಂಎಲ್‌ಗಿಂತ ಸ್ವಲ್ಪ ಕಮ್ಮಿ. ಪ್ಲಾಸ್ಟಿಕ್ ಕ್ಯಾಪ್ ಹಾರಬಹುದು, ದ್ರಾವಣ ಒಂದಿಷ್ಟು ಮೇಲಕ್ಕೆ ಚಿಮ್ಮಬಹುದು. ಅದೇ ಕಾಂಪೌಂಡ್ ಕಾರ್ಬನ್ ಬೇಗ ಬರ್ಲಿ ಅಂತ 100 ಮಿಲಿಗ್ರಾಂ ಹಾಕಿ ಟ್ಯೂಬ್‌ನ ಬಾಯಿ ಬೆಂಕಿಯಲ್ಲಿ ಕರಗಿಸಿ ಮುಚ್ಚಿದ್ರೆ ಗ್ಯಾಸ್ ಒಂಬತ್ತು ಎಂಎಲ್ ಆಗತ್ತೆ, ಹೋಗೋಕೆ ಜಾಗ ಇರಲ್ಲ, ಆಗ ಅದು ಬೇರೆನೇ ಕಥೆ. ಸ್ಯಾಂಪಲ್ ಎಷ್ಟು, ಯಾವ ಟ್ಯೂಬು, ಹೆಂಗೆ ಮುಚ್ಚಿದೀರಾ ಅಂತ ನಾವು ಕೇಳೋದು ಇದಕ್ಕೆ, ಸಿಗ್ನಲ್ ಸಾಕಾಗತ್ತಾ ಅಂತ ನೋಡೋಕೆ ಮಾತ್ರ ಅಲ್ಲ.

ಟ್ಯೂಬ್ ಒಳಗೆ ಒಡೆದ್ರೆ ಏನು ಅನ್ನೋದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲ್ಲ. ಮ್ಯಾಗ್ನೆಟ್ ನಡುವಿನ ಕೊಳವೆಯಲ್ಲಿ ಟ್ಯೂಬ್ ಗಾಳಿ ಮೇಲೆ ತೇಲ್ತಾ ಇಳಿಯತ್ತೆ, ವಾಪಸ್ ತೆಗೆಯೋವಾಗಲೂ ಕೆಳಗಿಂದ ಗಾಳಿ ಬಿಟ್ಟು ಎತ್ತೋದು. ಬಿರುಕು ಬಿಟ್ಟ ಟ್ಯೂಬಿಂದ ದ್ರಾವಣ ಸೋರಿದ್ರೆ ಅದು ಪ್ರೋಬ್ ಒಳಗಿನ ಕಾಯಿಲ್ ಸುತ್ತ ಇಳಿದು ಕೂರತ್ತೆ, ಗೊತ್ತಿಲ್ಲದೆ ಇಜೆಕ್ಟ್ ಒತ್ತಿದ್ರೆ ಅದೇ ಗಾಳಿ ಅದನ್ನ ತುಂತುರು ಮಾಡಿ ಮೇಲೆ ತರತ್ತೆ, ಮೇಲೆ ಬಗ್ಗಿ ನೋಡ್ತಾ ನಿಂತಿರೋ ಆಪರೇಟರ್ ಮುಖಕ್ಕೆ. ಸೋರಿರೋ ಗುರುತು ಸ್ಕ್ರೀನ್ ಮೇಲೆ ಸಿಗತ್ತೆ: ಸಾಲ್ವೆಂಟಿನ ಡ್ಯೂಟೀರಿಯಂ ಸಿಗ್ನಲ್ ತೋರಿಸೋ ಲಾಕ್ ಲೆವೆಲ್ ಇದ್ದಕ್ಕಿದ್ದಂತೆ ಬೀಳತ್ತೆ, ಶಿಮ್ ಮಾಡಿ ಮ್ಯಾಗ್ನೆಟ್‌ನ ಕ್ಷೇತ್ರ ಸಮ ಮಾಡೋಕೆ ನೋಡಿದ್ರೂ ಪೀಕ್‌ಗಳು ಅಗಲವಾಗೇ ಉಳಿಯತ್ತೆ. ಆಗ ಇಜೆಕ್ಟ್ ಒತ್ತಬಾರದು, ನಮ್ಮನ್ನ ಕರೀಬೇಕು, ಪ್ರೋಬನ್ನ ಕೆಳಗಿಂದ ಬಿಚ್ಚಿ ತೆಗೀತೀವಿ. ಬಿಚ್ಚೋವಾಗ ಆ ದ್ರಾವಣದಲ್ಲಿ ಏನಿತ್ತು ಅಂತ ಗೊತ್ತಿರಬೇಕಲ್ವಾ, ಅಜೈಡ್ ಡಿಎಂಎಸ್‌ಒದಲ್ಲಿ ಕರಗಿದೆ ಅಂದ್ರೆ ನಾನು ಹಾಕೋ ಗ್ಲೌಸೇ ಬೇರೆ, ಒರೆಸಿದ ಬಟ್ಟೆ ಹಾಕೋ ಡಬ್ಬಾನೇ ಬೇರೆ. ಈ ಹುಡುಗಿ ಕಳಿಸಿದ ಆ ಒಂದು ಪುಟದಲ್ಲಿ ಇದೆಲ್ಲ ಇತ್ತು: ಆಸಿಡ್ ಹಾಕಿ ತೊಳೀಬೇಡಿ, ಡೈಕ್ಲೋರೋಮೀಥೇನಲ್ಲಿ ಒರೆಸಬೇಡಿ, ಸಿಂಕಿಗೆ ಬಿಡಬೇಡಿ, ನಂಗೆ ಫೋನ್ ಮಾಡಿ.

ಈ ಮೂರು ಬೇಡಗಳ ಹಿಂದಿರೋದು ಕಾಂಪೌಂಡ್‌ಗಿಂತ ಹೆಚ್ಚಾಗಿ ಅದನ್ನ ಮಾಡೋಕೆ ಬಳಸಿದ ಸೋಡಿಯಂ ಅಜೈಡ್. ಅದು ಸ್ವಲ್ಪ ಉಳಿದಿದ್ದು ಆಸಿಡ್ ತಗುಲಿದ್ರೆ ಹೈಡ್ರಜೋಯಿಕ್ ಆಸಿಡ್ ಬರತ್ತೆ, 37 ಡಿಗ್ರಿ ಹತ್ತಿರನೇ ಕುದಿಯೋ, ವಿಷದ, ಸಿಡಿಯೋ ಸ್ವಭಾವದ ದ್ರವ. ಡೈಕ್ಲೋರೋಮೀಥೇನ್ ಜೊತೆ ಸೇರಿದ್ರೆ ಡೈಅಜೈಡೋಮೀಥೇನ್ ಆಗಬಹುದು, ಅದೂ ಸಿಡಿಯೋದೇ. ಸಿಂಕ್ ಕೆಳಗಿನ ತಾಮ್ರ, ಸೀಸದ ಪೈಪಿಗೆ ಹೋದ್ರೆ ಆ ಲೋಹಗಳ ಅಜೈಡ್ ಉಪ್ಪು ಕಟ್ಟಿಕೊಂಡು, ಯಾವತ್ತೋ ಒಂದಿನ ಪ್ಲಂಬರ್ ಬಂದು ಪೈಪ್ ತಿರುಗಿಸಿದಾಗ ಆಪತ್ತು. ಹಾಗಾಗಿ ಅವರು CDCl3 ಬಿಟ್ಟು ಡಿಎಂಎಸ್‌ಒ ಆರಿಸಿಕೊಂಡಿದ್ದು ಎರಡು ಕಾರಣಕ್ಕೆ ಸರಿ. ಕ್ಲೋರೋಫಾರ್ಮ್ ಕೂಡ ಕ್ಲೋರಿನ್ ಇರೋ ಸಾಲ್ವೆಂಟೇ, ಹಳೇ ಬಾಟಲಾದ್ರೆ ಅದರಲ್ಲಿ ಆಸಿಡ್ ಕೂಡ ಹುಟ್ಟಿಕೊಂಡಿರತ್ತೆ, ಅದಲ್ಲದೆ 61 ಡಿಗ್ರಿಗೆ ಕುದಿಯತ್ತೆ, ಬಿಸಿ ಮಾಡೋ ಪ್ರಯೋಗಕ್ಕೆ ಜಾಗನೇ ಕೊಡಲ್ಲ. ಡಿಎಂಎಸ್‌ಒ ಕುದಿಯೋದು 189ಕ್ಕೆ.

ಇಡೀ ಮೇಲಲ್ಲಿ ನಂಗೆ ತುಂಬಾ ಹಿಡಿಸಿದ್ದು ಫೆರಿಕ್ ಕ್ಲೋರೈಡ್ ಸಾಲು. ಚೆನ್ನಾಗಿ ತೊಳೆದಿದೀನಿ ಅಂತ ಎಲ್ಲರೂ ಬರೀತಾರೆ. ಅಜೈಡ್ ಅಯಾನು ಇದ್ರೆ ಫೆರಿಕ್ ಕ್ಲೋರೈಡ್ ಜೊತೆ ರಕ್ತದ ಥರ ಕಡುಗೆಂಪು ಬಣ್ಣ ಬರತ್ತೆ, ಕೊನೇ ನೀರಿನ ಒಂದೆರಡು ಹನಿ ತಗೊಂಡು ಫ್ಯೂಮ್ ಹುಡ್ ಒಳಗೆ ನೋಡಿದ್ರೆ ಸಾಕು, ಎರಡು ನಿಮಿಷದ ಕೆಲಸ. ಐಆರ್‌ನಲ್ಲಿ 2100 ಹತ್ತಿರ ಬರೋ ಪೀಕ್ ನೋಡಿ ಅಜೈಡ್ ಇದೆ ಅಂತ ಹೇಳಬಹುದು, ಆದ್ರೆ ಅದು ಮುಖ್ಯವಾಗಿ ಕಾಂಪೌಂಡಿನ ಅಜೈಡ್ ಪೀಕೇ, ಉಳಿದುಹೋದ ಸೋಡಿಯಂ ಅಜೈಡ್ ಒಂಚೂರು ಇದ್ರೆ ಅದರ ಪಕ್ಕದಲ್ಲಿ ಕಾಣದೇ ಹೋಗಬಹುದು. ಪ್ರೋಟಾನ್ ಎನ್‌ಎಂಆರ್‌ನಲ್ಲಂತೂ ಸೋಡಿಯಂ ಅಜೈಡ್ ಕಾಣೋ ಮಾತೇ ಇಲ್ಲ, ಅದರಲ್ಲಿ ಹೈಡ್ರೋಜನ್ನೇ ಇಲ್ಲವಲ್ಲ. ಅಂದ್ರೆ ಸ್ಪೆಕ್ಟ್ರಮ್ ಎಷ್ಟೇ ಕ್ಲೀನಾಗಿ ಬಂದ್ರೂ ಸ್ಯಾಂಪಲ್ ಸೇಫ್ ಅಂತ ಅದರಿಂದ ಹೇಳೋಕಾಗಲ್ಲ.

ಈಗ ಬಿಸಿ ವಿಷಯಕ್ಕೆ ಬರ್ತೀನಿ. ಬಾಕ್ ಗುಂಪಿನ ಕಾರ್ಬೊನಿಲ್‌ಗೂ ಪ್ರೋಲಿನ್‌ನ ನೈಟ್ರೋಜನ್‌ಗೂ ನಡುವಿನ ಬಾಂಡ್ ಅರ್ಧ ಡಬಲ್ ಬಾಂಡ್ ಥರ ಇರತ್ತೆ, ಸಲೀಸಾಗಿ ತಿರುಗಲ್ಲ. ಹಾಗಾಗಿ ಒಂದೇ ಕಾಂಪೌಂಡ್ ಎರಡು ಭಂಗಿಯಲ್ಲಿ ಇರತ್ತೆ, ಇವನ್ನೇ ರೋಟಾಮರ್ ಅನ್ನೋದು, ಎನ್‌ಎಂಆರ್‌ಗೆ ಅದು ಎರಡು ಕಾಂಪೌಂಡ್ ಥರ ಕಾಣತ್ತೆ. ಎಪಿಮರೈಸ್ ಆಗಿದ್ರೂ, ಅಂದ್ರೆ ಕೆಲವು ಅಣುಗಳಲ್ಲಿ ಒಂದು ಕಾರ್ಬನ್ ಸುತ್ತಿನ ಗುಂಪುಗಳ ಜೋಡಣೆ ಅದಲು ಬದಲಾಗಿದ್ರೂ, ಹೀಗೇ ಎರಡೆರಡು ಪೀಕ್ ಬರತ್ತೆ, ಆದ್ರೆ ಅವು ನಿಜವಾಗ್ಲೂ ಬೇರೆ ಬೇರೆ ಕಾಂಪೌಂಡು, ಬಿಸಿ ಮಾಡಿದ್ರೆ ಒಂದಾಗಲ್ಲ. ರೋಟಾಮರ್ ಆದ್ರೆ ಬಿಸಿ ಏರ್ತಾ ಏರ್ತಾ ತಿರುಗೋ ವೇಗ ಹೆಚ್ಚಾಗಿ, ಎರಡು ಪೀಕೂ ಅಗಲವಾಗಿ, ಕೊನೆಗೆ ಸೇರಿ ಒಂದಾಗತ್ತೆ. ಡಿಎಂಎಫ್‌ನಂಥ ಅಮೈಡ್‌ಗಳಲ್ಲಿ ಇದೇ ತಿರುಗುವಿಕೆಯನ್ನ ಎನ್‌ಎಂಆರ್‌ನಿಂದ ಅಳೆದು ಗುಟೊವ್ಸ್ಕಿ ಮತ್ತೆ ಹೋಮ್ 1956ರಲ್ಲೇ ಪೇಪರ್ ಬರೆದಿದ್ರು. ಈ ಹುಡುಗಿಯ ಸ್ಯಾಂಪಲಲ್ಲಿ ಡಿಎಂಎಫ್ ಉಳಿದಿತ್ತಲ್ಲ, ಅದರ ಎರಡು ಮೀಥೈಲ್ ಪೀಕ್ ಬೇರೆ ಬೇರೆ ಕಾಣೋದೂ ಇದೇ ಕಾರಣಕ್ಕೆ, ಅವು ಸೇರೋಕೆ ನೂರು ಡಿಗ್ರಿ ದಾಟಬೇಕು.

80 ಡಿಗ್ರಿ ಎಲ್ಲಿಂದ ಬಂತು ಅಂತ ಕೇಳಿ ಉತ್ತರ ಬರೆದೆ. ಬಾಕ್ ಕಾಂಪೌಂಡ್‌ಗಳಿಗೆ ಎಲ್ಲರೂ 353 ಕೆಲ್ವಿನ್ ಹಾಕ್ತಾರೆ ಮೇಡಂ, ಪೇಪರ್‌ಗಳಲ್ಲಿ ಹಾಗೇ ಇದೆ ಅಂತ ಹೇಳಿದ್ರು. ನಿಜ, ಹಾಗೇ ಇದೆ, ಆ ಟೆಂಪರೇಚರಲ್ಲಿ ಚೂಪಾದ ಪೀಕ್ ಸಿಗತ್ತೆ, ಪೇಪರಿಗೆ ಅದು ಬೇಕು. ಆದ್ರೆ ರೋಟಾಮರ್ ಹೌದಾ ಅಲ್ವಾ ಅನ್ನೋ ಪ್ರಶ್ನೆಗೆ ಅಷ್ಟು ಬಿಸಿ ಬೇಕಾಗಿಲ್ಲ. ಅವರ ಮೀಥೈಲ್ ಎಸ್ಟರ್‌ನ ಎರಡು ಪೀಕ್ ನಡುವೆ 0.05 ಪಿಪಿಎಂ ಅಂತರ, 400 ಮೆಗಾಹರ್ಟ್ಸಲ್ಲಿ ಅದು 20 ಹರ್ಟ್ಸ್. ಅಂತರವನ್ನ 2.2ರಿಂದ ಗುಣಿಸಿದ್ರೆ ಸೇರೋ ಕ್ಷಣದಲ್ಲಿ ಎಷ್ಟು ವೇಗ ಇರಬೇಕು ಅಂತ ಸಿಗತ್ತೆ, ಸೆಕೆಂಡಿಗೆ ಸುಮಾರು 44 ಸಲ. ಈ ಥರದ ಕಾರ್ಬಮೇಟ್‌ನಲ್ಲಿ ಬಾಂಡ್ ತಿರುಗೋಕೆ ಇರೋ ಅಡ್ಡಿ ಮೋಲ್‌ಗೆ 16.5 ಕಿಲೋಕ್ಯಾಲರಿ ಆಸುಪಾಸು ಅಂತ ಇಟ್ಕೊಂಡ್ರೆ ಆ ವೇಗ 50 ಡಿಗ್ರಿ ಹತ್ತಿರ ಬರತ್ತೆ. 60:40 ಇರೋದ್ರಿಂದ ಲೆಕ್ಕ ಸ್ವಲ್ಪ ಆಚೆ ಈಚೆ, ಆದ್ರೆ 80 ಅಂತೂ ಅಲ್ಲ. 57 ಡಿಗ್ರಿಗೆ, ಅಂದ್ರೆ 330 ಕೆಲ್ವಿನ್‌ಗೆ ನಿಲ್ಲಿಸಿದ್ರೆ 160ರಿಂದ ನೂರು ಡಿಗ್ರಿ ದೂರಾನೂ ಉಳಿಯತ್ತೆ. ಟ್ಯೂಬನ್ನ ಹಿಡಿದಿರೋ ಸ್ಪಿನ್ನರ್‌ದೂ ಒಂದು ಮಾತಿದೆ: ದಿನಾ ಬಳಸೋ ನೀಲಿ ಪ್ಲಾಸ್ಟಿಕ್ ಸ್ಪಿನ್ನರ್‌ಗೆ 80 ಡಿಗ್ರಿ ಅಂದ್ರೆ ತುತ್ತತುದಿ, ಅದರ ಮೇಲೆ ಹೋಗೋದಾದ್ರೆ ಸೆರಾಮಿಕ್ ಸ್ಪಿನ್ನರ್ ಹಾಕಬೇಕು.

ಇದೇ ಲೆಕ್ಕದಿಂದ ಇನ್ನೊಂದು ವಿಷಯ ಗೊತ್ತಾಗತ್ತೆ. ಸ್ಟೂಡೆಂಟ್ಸ್ ಸಾಮಾನ್ಯವಾಗಿ ಇರೋದ್ರಲ್ಲಿ ದೊಡ್ಡ ಮಷೀನ್ ಕೇಳ್ತಾರೆ. 700 ಮೆಗಾಹರ್ಟ್ಸಲ್ಲಿ ಅದೇ 0.05 ಪಿಪಿಎಂ 35 ಹರ್ಟ್ಸ್ ಆಗತ್ತೆ, ಸೇರೋಕೆ ಇನ್ನೂ ಆರೇಳು ಡಿಗ್ರಿ ಹೆಚ್ಚು ಬಿಸಿ ಬೇಕಾಗತ್ತೆ. ಈ ಕೆಲಸಕ್ಕೆ ಚಿಕ್ಕ ಮಷೀನೇ ಒಳ್ಳೇದು, ಇವರು 400 ಕೇಳಿದ್ದು ಸರಿಯಾಗೇ ಇತ್ತು.

ಆಮೇಲೆ ನಾನು ಬರೆದಿದ್ದು, ಬಿಸಿ ಮಾಡೋಕೆ ಮೊದಲು ಬಿಸಿ ಇಲ್ಲದೇನೇ ಒಂದು ಪ್ರಯೋಗ ಮಾಡೋಣ ಅಂತ. ಕೋಣೆ ಟೆಂಪರೇಚರಲ್ಲೂ ಆ ಬಾಂಡ್ ಸೆಕೆಂಡಿಗೆ ಕೆಲವು ಸಲ ತಿರುಗ್ತಾನೇ ಇರತ್ತೆ. ಸೆಲೆಕ್ಟಿವ್ ಒನ್-ಡಿ ಎನ್‌ಒಇ ಪ್ರಯೋಗದಲ್ಲಿ ಒಂದು ಪೀಕನ್ನ ಮಾತ್ರ ಆರಿಸಿ ಹೊಡೆದು, ಅರ್ಧ ಸೆಕೆಂಡ್ ಮಿಕ್ಸಿಂಗ್ ಟೈಮ್ ಕೊಟ್ರೆ, ಅಷ್ಟರಲ್ಲಿ ಕೆಲವು ಅಣುಗಳು ಇನ್ನೊಂದು ಭಂಗಿಗೆ ತಿರುಗಿ ಹೋಗಿರತ್ತೆ, ಹೋಗೋವಾಗ ಆ ಗುರುತನ್ನೂ ಜೊತೆಗೆ ತಗೊಂಡು ಹೋಗಿರತ್ತೆ. ಹಾಗಾಗಿ ಇನ್ನೊಂದು ಪೀಕ್ ಕೂಡ ಹೊಡೆದ ಪೀಕಿನ ದಿಕ್ಕಿನಲ್ಲೇ ಕಾಣಿಸ್ಕೊಳ್ಳತ್ತೆ. ಇಂಥ ಚಿಕ್ಕ ಅಣುವಲ್ಲಿ ಪಕ್ಕದ ಪ್ರೋಟಾನ್‌ಗಳ ಮಾಮೂಲಿ ಎನ್‌ಒಇ ಉಲ್ಟಾ ದಿಕ್ಕಿಗೆ ಬರತ್ತೆ, ಹಂಗಾಗಿ ಕನ್‌ಫ್ಯೂಸ್ ಆಗಲ್ಲ. ಎಪಿಮರ್ ಆದ್ರೆ ಆ ಜಾಗದಲ್ಲಿ ಏನೂ ಬರಲ್ಲ. ಒಂದೇ ತೊಂದರೆ, ಮೀಥೈಲ್ ಎಸ್ಟರ್ ಪೀಕ್‌ಗಳು 20 ಹರ್ಟ್ಸ್ ಅಷ್ಟೇ ದೂರ ಇರೋದ್ರಿಂದ ಒಂದಕ್ಕೆ ಹೊಡೆದ್ರೆ ಇನ್ನೊಂದಕ್ಕೂ ತಗಲತ್ತೆ, ಆಗ ಬರೋ ಉತ್ತರಕ್ಕೆ ಬೆಲೆ ಇರಲ್ಲ. 4.3 ಪಿಪಿಎಂ ಹತ್ತಿರದ ಆಲ್ಫಾ ಪ್ರೋಟಾನ್ ಪೀಕ್‌ಗಳು ಅದರ ಎರಡರಷ್ಟು ದೂರ ಇದ್ವು, ಅವನ್ನೇ ಆರಿಸೋಣ ಅಂದೆ.

ಬಂದ್ರು, ಅವರೇ ಟ್ಯೂಬನ್ನ ಬೆಳಕಿಗೆ ಹಿಡಿದು ತಿರುಗಿಸಿ ಬಿರುಕು ಇದೆಯಾ ನೋಡಿದ್ರು, ಸ್ಪಿನ್ನರಿಗೆ ಹಾಕೋಕೆ ಮುಂಚೆ ಹೊರಗೆಲ್ಲ ಒರೆಸಿದ್ರು. ಆಲ್ಫಾ ಪ್ರೋಟಾನ್‌ನ ದೊಡ್ಡ ಪೀಕಿಗೆ ಹೊಡೆದ್ವಿ. ಚಿಕ್ಕದು ಅದೇ ದಿಕ್ಕಲ್ಲಿ ಸ್ಪಷ್ಟವಾಗಿ ಎದ್ದು ಬಂತು. ಅಂದ್ರೆ ಆ 60:40 ರೋಟಾಮರೇ. ಆದ್ರೆ ಅವೆರಡರಿಂದ ಸ್ವಲ್ಪ ಆಚೆ ಇನ್ನೊಂದು ಪುಟ್ಟ ಪೀಕ್ ಇತ್ತು, ಇಂಟಿಗ್ರೇಟ್ ಮಾಡಿದ್ರೆ ಒಟ್ಟಲ್ಲಿ ಶೇಕಡ 4 ಆಸುಪಾಸು, ಅವರು ಅದನ್ನ ಶಿಮ್ ಸರಿ ಇಲ್ಲದೆ ಬಂದಿದ್ದು ಅಂದ್ಕೊಂಡಿದ್ರು. ಅದು ಆ ಸ್ಪೆಕ್ಟ್ರಮಲ್ಲಿ ಕಾಣಿಸಲೇ ಇಲ್ಲ. ಮಿಕ್ಸಿಂಗ್ ಟೈಮ್ ಹೆಚ್ಚು ಮಾಡಿದ್ವಿ, ಆಗಲೂ ಇಲ್ಲ. ಶಿಮ್‌ನಿಂದ ಬಂದಿದ್ರೆ ಎಲ್ಲ ಪೀಕಿನ ಪಕ್ಕದಲ್ಲೂ ಅಂಥದ್ದೇ ಒಂದು ಇರಬೇಕಿತ್ತು, ಇರಲಿಲ್ಲ. ಹಾಗಾದ್ರೆ ಅದು ಬೇರೆ ಕಾಂಪೌಂಡ್. ಎಪಿಮರ್ ಇರಬಹುದು, ಇನ್ನೇನೋ ಇರಬಹುದು, ಒಂದು ಪೀಕ್ ನೋಡಿ ಹೇಳೋಕಾಗಲ್ಲ.

330 ಕೆಲ್ವಿನ್‌ಗೂ ಒಂದು ಸಲ ಹೋದ್ವಿ, ನಾನು ಪಕ್ಕದಲ್ಲೇ ಕೂತಿದ್ದೆ. ಹತ್ತು ನಿಮಿಷ ಕಾದು ಮತ್ತೆ ಶಿಮ್ ಮಾಡಿ ತೆಗೆದಾಗ ಮೀಥೈಲ್ ಎಸ್ಟರ್ ಒಂದೇ ಅಗಲವಾದ ಪೀಕ್ ಆಗಿತ್ತು, ಆಲ್ಫಾ ಪ್ರೋಟಾನ್ ಮಾತ್ರ ಗುಡ್ಡದ ಥರ ಚಪ್ಪಟೆಯಾಗಿ, ಆ ಪುಟ್ಟ ಪೀಕೂ ಅದರೊಳಗೆ ಮುಚ್ಚಿ ಹೋಗಿತ್ತು. ಇಲ್ಲೇ ತುಂಬಾ ಜನ ಗಾಬರಿ ಆಗೋದು, ಪೀಕ್ ಮಾಯ ಆಯ್ತು, ಕಾಂಪೌಂಡ್ ಹಾಳಾಯ್ತು ಅಂತ. ಕಾರ್ಬನ್ನಲ್ಲಿ ಇನ್ನೂ ಕಷ್ಟ, ಅಲ್ಲಿ ಹರ್ಟ್ಸ್ ಅಂತರ ಹೆಚ್ಚಿರೋದ್ರಿಂದ ಇದೇ ಟೆಂಪರೇಚರಲ್ಲಿ ಕೆಲವು ಪೀಕ್ ನಾಯ್ಸಲ್ಲೇ ಮುಳುಗಿ ಹೋಗತ್ತೆ. ಹಾಳಾಗಿದೆಯಾ ಅಂತ ತಿಳಿಯೋಕೆ ತಣ್ಣಗೆ ಮಾಡಿ ಇನ್ನೊಂದು ಪ್ರೋಟಾನ್ ತೆಗೆದ್ರೆ ಆಯ್ತು. ತೆಗೆದ್ವಿ, ಮೊದಲಿನ ಸ್ಪೆಕ್ಟ್ರಮ್ ಹಾಗೇ ವಾಪಸ್ ಬಂತು, ಹೊಸ ಪೀಕ್ ಒಂದೂ ಇಲ್ಲ. 80 ಡಿಗ್ರಿಗೆ ಹೋಗೋ ಅಗತ್ಯ ಬೀಳಲಿಲ್ಲ.

ಟ್ಯೂಬ್ ಅವರೇ ವಾಪಸ್ ತಗೊಂಡು ಹೋದ್ರು, ಅವರ ಲ್ಯಾಬಿನ ಅಜೈಡ್ ವೇಸ್ಟ್ ಬಾಟಲಿಗೆ, ಆಸಿಡ್ ವೇಸ್ಟೂ ಕ್ಲೋರಿನ್ ಇರೋ ಸಾಲ್ವೆಂಟ್ ವೇಸ್ಟೂ ಸೇರದ ಕಡೆಗೆ.

ಅದಾದ ಮೇಲೆ ಎರಡನೇ ಮೇಲ್ ಬಂತು. ಆ ಶೇಕಡ 4ನ್ನ ಎಚ್‌ಪಿಎಲ್‌ಸಿಯಲ್ಲಿ ಬೇರೆ ಮಾಡಿದೀನಿ, ಅದರ ಪ್ರೋಟಾನ್ ತೆಗೀಬೇಕು ಅಂತ. ಅಪಾಯದ ಭಾಗದಲ್ಲಿ ಹಳೇದನ್ನ ಕಾಪಿ ಮಾಡಿರಲಿಲ್ಲ. ಎಚ್‌ಪಿಎಲ್‌ಸಿ ಸಾಲ್ವೆಂಟ್‌ಗೆ ಎಲ್ಲರೂ ಹಾಕೋ ಟ್ರೈಫ್ಲೋರೋಅಸೆಟಿಕ್ ಆಸಿಡ್ ಹಾಕಿಲ್ಲ, ಒಣಗಿಸೋವಾಗ ಅದು ಸಾಂದ್ರ ಆಗಿ ಬಾಕ್ ಕಿತ್ತು ಹೋಗಬಹುದು, ಅಜೈಡ್ ಜೊತೆ ಆಸಿಡ್ ಬೇಡ ಅಂತಾನೂ ಬಿಟ್ಟಿದೀನಿ, ಅಸಿಟೋನೈಟ್ರೈಲ್ ಮತ್ತೆ ನೀರು ಮಾತ್ರ, ಒಟ್ಟು ಸ್ಯಾಂಪಲ್ 2 ಮಿಲಿಗ್ರಾಂ, ಬಿಸಿ ಬೇಡ ಅಂತ ಬರೆದಿದ್ರು. 2 ಮಿಲಿಗ್ರಾಂ ಅಂದ್ರೆ ಪ್ರೋಟಾನ್‌ಗೆ ಧಾರಾಳ ಸಾಕು, ಕಾರ್ಬನ್‌ಗೆ ರಾತ್ರಿಯೆಲ್ಲ ಓಡಿಸಬೇಕು. ರಾತ್ರಿ ಸ್ಲಾಟ್ ಕೊಟ್ಟೆ.